ಜನ್ಮ ಶನಿಯ ಬಗ್ಗೆ ಮೇಘನಾಳಿಗೆ ಬರೆದ ಪತ್ರ

ಸಾಗರ
ವಿಶ್ವಾವಸು ಸಂವತ್ಸರ, ಪುಷ್ಯ ಬಹುಳ
11 ಜನವರಿ 2026, ಭಾನುವಾರ

ಚಿ. ಕುಮಾರಿ ಮೇಘನಾಳಿಗೆ ಆಶೀರ್ವಾದಗಳು.

ಏಳೂವರೆ ಶನಿ ಈಗ ಶುರುವಾಗಿದೆಯಂತೆ, ಮೇ ತಿಂಗಳ ಸಿ.ಎ. ಪರೀಕ್ಷೆಯಲ್ಲಿ ಪಾಸಾಗುತ್ತೇನೆಯೇ ಎಂದು ಕೇಳಿ ನೀನು ಕಳಿಸಿದ ಪತ್ರವೂ ಜಾತಕದ ಪ್ರತಿಯೂ ತಲುಪಿದವು. ನೀನು ಹುಟ್ಟಿದ ವರ್ಷ ನಾನೇ ಬರೆದುಕೊಟ್ಟ ಕುಂಡಲಿ ಅದು. ಅಂಚಿನಲ್ಲಿ ನಿನ್ನ ತಂದೆಯವರು ಪೆನ್ಸಿಲಿನಲ್ಲಿ ಗುರುತು ಹಾಕಿದ ಜನನ ಸಮಯವೂ, ಮೂಲೆಯ ಅರಿಶಿನದ ಕಲೆಯೂ ಹಾಗೆಯೇ ಇವೆ. ಉತ್ತರ ಬರೆಯುವ ಮೊದಲು ಗಣಿತವನ್ನು ಮತ್ತೊಮ್ಮೆ ಹೊಸದಾಗಿ ಮಾಡಿ ನೋಡಿದೆ. ಸಮಯ ಹತ್ತು ನಿಮಿಷ ಹಿಂದೆ ಮುಂದೆ ಆದರೂ ಲಗ್ನ ಬದಲಾಗುವುದಿಲ್ಲ. ನಿನ್ನದು ವೃಷಭ ಲಗ್ನ, ಉತ್ತರಾಭಾದ್ರಾ ನಕ್ಷತ್ರ, ಮೀನ ರಾಶಿ.

ಜನ್ಮರಾಶಿಯನ್ನೂ ಅದರ ಹಿಂದಿನ ಮತ್ತು ಮುಂದಿನ ರಾಶಿಗಳನ್ನೂ ಶನಿ ದಾಟುವ ಕಾಲವೇ ಏಳೂವರೆ ಶನಿ. ಅದು ನಿನಗೆ ನಡೆಯುತ್ತಿರುವುದು ನಿಜ. ಆದರೆ ಅದು ಈಗ ಶುರುವಾಗಿದೆ ಎಂದು ನಿನಗೆ ಹೇಳಿದವರು ಲೆಕ್ಕವನ್ನು ಸರಿಯಾಗಿ ಹೇಳಿಲ್ಲ. ಜನ್ಮರಾಶಿಗೆ ಹನ್ನೆರಡನೆಯ ಮನೆಯಾದ ಕುಂಭಕ್ಕೆ ಶನಿ ಮೊದಲು ಬಂದದ್ದು 2022ರ ಏಪ್ರಿಲ್ ಕೊನೆಯಲ್ಲಿ. ನಡುವೆ ವಕ್ರಗತಿಯಲ್ಲಿ ಮಕರಕ್ಕೆ ಹೋಗಿ, 2023ರ ಜನವರಿಯಲ್ಲಿ ಮತ್ತೆ ಕುಂಭಕ್ಕೆ ಬಂದು, 2025ರ ಮಾರ್ಚ್ 29ರಂದು ನಿನ್ನ ಮೀನವನ್ನು ಪ್ರವೇಶಿಸಿದ. ಅಮ್ಮ ಯಾರ ಬಾಯಲ್ಲೋ ಬೇರೆ ದಿನಾಂಕ ಕೇಳಿ ಗೊಂದಲಗೊಂಡಿದ್ದಾರೆ ಎಂದು ಬರೆದಿದ್ದೀಯೆ. ಅದರಲ್ಲಿ ಯಾರ ಮೋಸವೂ ಇಲ್ಲ. ಹಳೆಯ ಸೂತ್ರಗಳಿಂದ ಗಣಿಸುವ ವಾಕ್ಯ ಪಂಚಾಂಗದವರಿಗೆ ಮೀನ ಪ್ರವೇಶ ಬರುವ ಮಾರ್ಚಿನಲ್ಲಿ ಬರುತ್ತದೆ. ನಾನು ಅನುಸರಿಸುವುದು ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದುವ ದೃಗ್ಗಣಿತವನ್ನು.

ಈ ಲೆಕ್ಕದ ಪ್ರಕಾರ ನೀನು ಏಳೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧವನ್ನು, ಅದರ ಹೆಸರೇ ಗೊತ್ತಿಲ್ಲದೆ, ಈಗಾಗಲೇ ನಡೆದು ಬಂದಿದ್ದೀಯೆ. ಬಿ.ಕಾಂ. ಮುಗಿಸಿದ್ದು, ಮೂರು ವರ್ಷ ಆರ್ಟಿಕಲ್‌ಶಿಪ್ ಮಾಡಿದ್ದು, ರಾತ್ರಿ ಹತ್ತಕ್ಕೆ ಆಫೀಸಿನಿಂದ ಬಂದು ಓದಲು ಕುಳಿತದ್ದು ಎಲ್ಲವೂ ಈ ಅವಧಿಯಲ್ಲೇ. ಸಿ.ಎ. ಫೈನಲ್‌ನ ಮೊದಲ ಗುಂಪನ್ನು ಪಾಸು ಮಾಡಿದ್ದು ಕಳೆದ ಮೇ ಪರೀಕ್ಷೆಯಲ್ಲಿ, ಶನಿ ಮೀನಕ್ಕೆ ಬಂದು ತಿಂಗಳು ದಾಟಿದ ಮೇಲೆ. ಸೆಪ್ಟೆಂಬರಿನಲ್ಲಿ ಎರಡನೆಯ ಗುಂಪು ಹೋದದ್ದನ್ನು ಮಾತ್ರ ಶನಿಯ ಖಾತೆಗೆ ಬರೆದು, ಮೇ ತಿಂಗಳ ಪಾಸನ್ನು ಬರೆಯದೆ ಬಿಟ್ಟರೆ ಅದು ಯಾವ ಲೆಕ್ಕ? ಲೆಕ್ಕಪತ್ರ ಓದಿದವಳು ನೀನು, ಇದನ್ನು ನನಗಿಂತ ಚೆನ್ನಾಗಿ ಬಲ್ಲೆ.

ಇನ್ನು ಜಾತಕದ ಮಾತು. ವೃಷಭ ಲಗ್ನಕ್ಕೆ ಶನಿ ಒಂಬತ್ತು ಮತ್ತು ಹತ್ತನೆಯ ಮನೆಗಳ ಅಧಿಪತಿ, ಒಳಿತು ಮಾಡುವ ಯೋಗಕಾರಕ. ಜನ್ಮಕಾಲದಲ್ಲಿ ಅವನು ನಿನ್ನ ಲಗ್ನದಲ್ಲೇ ಇದ್ದಾನೆ. ಚಂದ್ರನಿಂದ ನೋಡಿದರೆ ಈಗ ಜನ್ಮ ಶನಿ, ಲಗ್ನದಿಂದ ನೋಡಿದರೆ ಅದೇ ಮೀನ ಹನ್ನೊಂದನೆಯ ಲಾಭಸ್ಥಾನ. ಯಾವ ರಾಶಿಯಲ್ಲಿ ಅವನಿಗೆ ಎಷ್ಟು ಶುಭಬಲ ಎಂದು ಬಿಂದುಗಳಲ್ಲಿ ಎಣಿಸುವ ಶನಿಯ ಅಷ್ಟಕವರ್ಗದಲ್ಲಿ ಹನ್ನೆರಡು ರಾಶಿಗೂ ಸೇರಿ ಬರುವುದು 39 ಬಿಂದು. ಹಂಚಿದರೆ ರಾಶಿಗೆ ಮೂರು ಚಿಲ್ಲರೆ ಬೀಳುತ್ತದೆ. ನಿನ್ನ ಮೀನದಲ್ಲಿ ಐದು ಬಿಂದುಗಳಿವೆ. ರಾಶಿಯೊಂದನ್ನೇ ಹಿಡಿದು ಫಲ ಹೇಳುವವರು ಇದನ್ನು ನೋಡುವುದಿಲ್ಲ, ಮೀನ ರಾಶಿಯ ಎಲ್ಲರಿಗೂ ಒಂದೇ ಭಯ ಹಂಚುತ್ತಾರೆ.

ಹಾಗೆಂದು ಕಷ್ಟದ ಭಾಗವನ್ನು ನಿನ್ನಿಂದ ಮುಚ್ಚಿಡಲಾರೆ. ಬುಧ ದಶೆಯಲ್ಲಿ ಅದರ ಒಳ ಅವಧಿಯಾದ ಗುರು ಭುಕ್ತಿ ಈ ಮೇ ತಿಂಗಳಿಗೆ ಮುಗಿದು, 2029ರ ಆರಂಭದವರೆಗೆ ಶನಿ ಭುಕ್ತಿ ನಡೆಯುತ್ತದೆ. ಈಗಿನ ಗ್ರಹಸಂಚಾರವಾದ ಗೋಚಾರದಲ್ಲೂ ಶನಿ, ಭುಕ್ತಿಯಲ್ಲೂ ಶನಿ ಆದಾಗ ಕೆಲಸಗಳು ನಿಧಾನವಾಗುವುದು, ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುವುದು, ಮನೆಯ ಹೊಣೆ ಹೆಗಲಿಗೆ ಬರುವುದು ನಮ್ಮ ಅನುಭವದಲ್ಲಿ ಸಾಮಾನ್ಯ. ತಂದೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಓಡಾಟವೂ ನಿನ್ನ ಮೇಲಿದೆಯೆಂದು ಬರೆದಿದ್ದೀಯೆ. ಆ ಭಾರ ಸಣ್ಣದಲ್ಲ. ಶನಿ 2027ರ ಜೂನಿನಲ್ಲಿ ಮೇಷಕ್ಕೆ ಹೋಗಿ, ಅಕ್ಟೋಬರಿನಲ್ಲಿ ಹಿಂದಿರುಗಿ, 2028ರ ಫೆಬ್ರವರಿಯಲ್ಲಿ ಮೀನವನ್ನು ಪೂರ್ತಿ ಬಿಡುತ್ತಾನೆ. ಇದರ ನಡುವೆ, ಬರುವ ಜೂನ್ ಮೊದಲ ವಾರದಲ್ಲಿ ಗುರು ತನ್ನ ಉಚ್ಚರಾಶಿಯಾದ ಕರ್ಕಾಟಕಕ್ಕೆ ಬಂದು ಒಂಬತ್ತನೆಯ ದೃಷ್ಟಿಯಿಂದ ಮೀನವನ್ನು ನೋಡುತ್ತಾನೆ. ಶಾಸ್ತ್ರದಲ್ಲಿ ಇದನ್ನು ಆಸರೆ ಎನ್ನುತ್ತಾರೆ.

ಆಸರೆ ಎಂದೆನೇ ಹೊರತು ಫಲಿತಾಂಶ ಎನ್ನಲಿಲ್ಲ. ಮೇ ಪರೀಕ್ಷೆಯಲ್ಲಿ ಪಾಸಾಗುತ್ತೇನೆಯೇ ಎಂಬ ನಿನ್ನ ಪ್ರಶ್ನೆಗೆ ಹೌದು ಎಂದೂ ಇಲ್ಲ ಎಂದೂ ನಾನು ಬರೆಯುವುದಿಲ್ಲ. ಕಾರಣ ಹೇಳಬೇಕು. ನನ್ನ ಮೂವತ್ತರ ವಯಸ್ಸಿನಲ್ಲಿ, ಪರೀಕ್ಷೆಗೆ ಕುಳಿತಿದ್ದ ಹುಡುಗನೊಬ್ಬನಿಗೆ ಪಾಸಾಗುವುದು ಖಚಿತ ಎಂದು ಬರೆದುಕೊಟ್ಟೆ. ಅವನು ಆ ಚೀಟಿಯನ್ನು ದೇವರ ಮುಂದಿಟ್ಟು ಪುಸ್ತಕ ಮುಚ್ಚಿದ. ಅವನು ಫೇಲಾದ ಸುದ್ದಿ ಹೇಳಲು ಅವನ ತಾಯಿ ನಮ್ಮ ಜಗುಲಿಗೆ ಬಂದು ಕುಳಿತರು, ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಂದಿನಿಂದ ಯಾರಿಗೂ ಫಲಿತಾಂಶ ಬರೆದುಕೊಟ್ಟಿಲ್ಲ.

ನೀನು ಬರೆದ ಎರಡನೆಯ ಗುಂಪಿನ ಅಂಕಗಳನ್ನು ನೋಡಿದೆ. ಮೂರೂ ಪತ್ರಿಕೆಗಳಲ್ಲಿ ನಲವತ್ತು ದಾಟಿ, ಒಟ್ಟು 150 ಬೇಕಾದಲ್ಲಿ 139 ಬಂದಿದೆ. ಹನ್ನೊಂದು ಅಂಕ ಎಲ್ಲಿ ಹೋಯಿತೆಂದು ನಾನು ಕುಂಡಲಿಯಲ್ಲಿ ಹುಡುಕುವುದಕ್ಕಿಂತ ನೀನು ಉತ್ತರಪತ್ರಿಕೆಯ ಪ್ರತಿ ತರಿಸಿದ್ದರೆ ಅದನ್ನು ಮುಂದಿಟ್ಟುಕೊಂಡು, ನಿನಗೆ ಕಲಿಸಿದವರ ಜೊತೆ ಕುಳಿತು ನೋಡುವುದು ಲೇಸು. ಬಿಟ್ಟಲ್ಲಿಂದಲೇ ಮತ್ತೆ ಹಿಡಿದು ತಿದ್ದುವ ಕೆಲಸವನ್ನೇ ಶನಿಗೆ ಪ್ರಿಯವಾದ ಕೆಲಸವೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಶಾಂತಿಹೋಮಕ್ಕೆ 42,000 ರೂಪಾಯಿ, ಅದರ ಮೇಲೆ ನೀಲದ ಉಂಗುರ ಎಂದು ಕೇಳಿದ್ದಾರಂತೆ. ಸಾಲ ಮಾಡಿ ಎರಡನ್ನೂ ಮಾಡಬೇಡ. ಶನಿಗೆ ಸಾಲದ ಹೋಮ ಬೇಕಿಲ್ಲ. ಮನಸ್ಸಿಗೆ ಸಮಾಧಾನವಾಗುವುದಾದರೆ ಶನಿವಾರ ಸಂಜೆ ಮನೆಯಲ್ಲೇ ಎಳ್ಳೆಣ್ಣೆಯ ಒಂದು ದೀಪ ಹಚ್ಚಿ, ಹನುಮಂತನನ್ನು ನೆನೆದು ಐದು ನಿಮಿಷ ಕುಳಿತುಕೋ. ನಿಮ್ಮ ಬೀದಿ ಗುಡಿಸುವ ಹೆಂಗಸಿಗೆ ಒಂದು ಕಂಬಳಿ ಕೊಡು. ಅಮ್ಮನಿಗೆ ಪಾವಗಡದ ಶನಿ ದೇವಸ್ಥಾನಕ್ಕೆ ಹೋಗಿ ಬರುವ ಇಚ್ಛೆಯಿದ್ದರೆ ಪರೀಕ್ಷೆ ಮುಗಿದ ಮೇಲೆ ಹೋಗಿ ಬನ್ನಿ, ಅವಸರವಿಲ್ಲ. ಮದುವೆ ಮಾತುಕತೆಯನ್ನು ಏಳೂವರೆ ಶನಿಯೆಂಬ ಒಂದೇ ಕಾರಣಕ್ಕೆ ನಿಲ್ಲಿಸಬೇಕಿಲ್ಲ. ನಿನಗೆ ಓದಿನ ನಡುವೆ ಬೇಡವೆನಿಸಿದರೆ ಅದೇ ಸಾಕಾದ ಕಾರಣ.

ಕೊನೆಯದಾಗಿ ಒಂದು ವಿಷಯ, ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು. ಎರಡು ತಿಂಗಳಿಂದ ರಾತ್ರಿ ಎರಡು ಗಂಟೆಯ ಮೇಲೆ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಗಾಣ ತಿರುಗಿಸಿದ ವಿಕ್ರಮ ರಾಜನ ಕಥೆಯೇ ಕಣ್ಣೆದುರು ಬರುತ್ತದೆ ಎಂದು ಬರೆದಿದ್ದೀಯೆ. ನಿದ್ದೆಗೇಡನ್ನು ಗ್ರಹದ ಮೇಲೆ ಹೊರಿಸಿ ಕೂರಬಾರದು ಮಗಳೇ. ಈ ವಾರವೇ ವೈದ್ಯರಿಗೆ ತೋರಿಸು, ಇದ್ದದ್ದನ್ನು ಇದ್ದ ಹಾಗೆ ಹೇಳು. ದುಗುಡ ತಡೆಯಲಾರದಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಾಗಲಿ ಇರುಳಾಗಲಿ ಕರೆ ಮಾಡಬಹುದು. ಅಮ್ಮನಿಗೂ ಹೇಳು, ಅವರಿಗೆ ಗೊತ್ತಾಗಬಾರದೆಂದು ಒಬ್ಬಳೇ ಹೊತ್ತುಕೊಳ್ಳಬೇಡ.

ಜಾತಕದ ಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ನೀನು ಲಕೋಟೆಯಲ್ಲಿಟ್ಟಿದ್ದ ದಕ್ಷಿಣೆಯೂ ಅದರಲ್ಲೇ ಇದೆ. ಪರೀಕ್ಷೆಯ ಶುಲ್ಕಕ್ಕೆ ಸೇರಿಸಿಕೋ. ವೈದ್ಯರು ಏನು ಹೇಳಿದರೆಂದು ಎರಡು ಸಾಲು ಬರೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಹಿತೈಷಿ
ಶ್ರೀಪಾದ ಜೋಯಿಸ