ಪಿತ್ರಾರ್ಜಿತ ಜಮೀನು ಮಾರಿದ ಹಣದ ನಗದು ಜಮೆ: ಆದಾಯ ತೆರಿಗೆ ನೋಟಿಸಿಗೆ ಉತ್ತರ

ದಿನಾಂಕ: 24-02-2025

ಇವರಿಂದ:
ರಂಗಸ್ವಾಮಯ್ಯ ಬಿನ್ ಲೇಟ್ ತಿಮ್ಮಯ್ಯ, ರೈತ,
ಹೊಸಹಳ್ಳಿ, ಹುಲಿಕುಂಟೆ ಹೋಬಳಿ, ಶಿರಾ ತಾಲೂಕು, ತುಮಕೂರು ಜಿಲ್ಲೆ

ಇವರಿಗೆ:
ಆದಾಯ ತೆರಿಗೆ ಅಧಿಕಾರಿಗಳು, ತುಮಕೂರು

ಮಾನ್ಯರೇ,

ವಿಷಯ: ಆದಾಯ ತೆರಿಗೆ ಕಾಯ್ದೆ 1961ರ ಕಲಂ 133(6)ರಡಿ ಕೇಳಿರುವ ಮಾಹಿತಿ, ಆರ್ಥಿಕ ವರ್ಷ 2023-24, ತೆರಿಗೆ ನಿರ್ಧಾರಣಾ ವರ್ಷ 2024-25.
ಉಲ್ಲೇಖ: ತಮ್ಮ ನೋಟಿಸ್ ದಿನಾಂಕ 12-02-2025. ಪ್ಯಾನ್ ಮತ್ತು ಡಿಐಎನ್ ಲಗತ್ತಿಸಿದ ನೋಟಿಸ್ ಪ್ರತಿಯಲ್ಲಿರುವಂತೆ.

ನನ್ನ ಉಳಿತಾಯ ಖಾತೆಗೆ ಜಮೆಯಾದ ರೂ. 18,60,000 ನಗದಿನ ಮೂಲವನ್ನು ತಾವು ಕೇಳಿದ್ದೀರಿ. ಇದರಲ್ಲಿ ರೂ. 17,60,000 ಪಿತ್ರಾರ್ಜಿತ ಕೃಷಿ ಜಮೀನು ಮಾರಿದ್ದರಿಂದ ಬಂದದ್ದು. ಉಳಿದ ರೂ. 1,00,000 ಇದೇ ಖಾತೆಯಿಂದ ತೆಗೆದು ಮತ್ತೆ ಕಟ್ಟಿದ ಹಣ.

ಹೊಸಹಳ್ಳಿ ಸರ್ವೆ ನಂ. 47ರ 5 ಎಕರೆ 20 ಗುಂಟೆ ಖುಷ್ಕಿ ಜಮೀನು ನಮ್ಮ ತಂದೆಯವರ ಹೆಸರಿನಲ್ಲಿತ್ತು. ಅವರು 2009ರಲ್ಲಿ ತೀರಿಕೊಂಡ ಮೇಲೆ ನನಗೆ, ತಮ್ಮ ತಿಪ್ಪೇಸ್ವಾಮಿಗೆ ಮತ್ತು ತಂಗಿ ಲಕ್ಷ್ಮಮ್ಮನಿಗೆ ಜಂಟಿಯಾಗಿ ಪೌತಿ ಖಾತೆಯಾಯಿತು. ಇದರಲ್ಲಿ 3 ಎಕರೆ 20 ಗುಂಟೆಯನ್ನು ಎಕರೆಗೆ 9 ಲಕ್ಷದಂತೆ ಒಟ್ಟು ರೂ. 31,50,000ಕ್ಕೆ ಮಾರಿದ್ದೇವೆ. 14-09-2023ರಂದು ಶಿರಾ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರಕ್ಕೆ ಮೂವರೂ ಸಹಿ ಹಾಕಿದ್ದೇವೆ.

ಪೂರ್ತಿ ಬೆಲೆಯನ್ನೂ ಅದು ಸಂದಾಯವಾದ ರೀತಿಯನ್ನೂ ಕ್ರಯಪತ್ರದಲ್ಲೇ ಬರೆಸಲಾಗಿದೆ. ರೂ. 13,50,000 ಆರ್‌ಟಿಜಿಎಸ್ ಮೂಲಕ ನನ್ನ ಖಾತೆಗೆ ಬಂತು. ರೂ. 18,00,000 ನಗದು: 10-07-2023ರಂದು ಕ್ರಯದ ಕರಾರಿನ ವೇಳೆ ಮುಂಗಡ 2 ಲಕ್ಷ, ನೋಂದಣಿ ದಿನ 16 ಲಕ್ಷ. ಮುಂಗಡದಲ್ಲಿ ರೂ. 40,000 ಅಳತೆ, 11ಇ ನಕ್ಷೆ ಮತ್ತು ದಾಖಲೆಗಳಿಗೆ ಖರ್ಚಾಗಿ, ರೂ. 1,60,000 ಮಾತ್ರ 12-07-2023ರಂದು ಜಮೆಯಾಯಿತು. 16 ಲಕ್ಷವನ್ನು ನೋಂದಣಿಯ ಮರುದಿನವೇ ಕಟ್ಟಿದ್ದೇನೆ.

ಈ ಹಣ ನನ್ನೊಬ್ಬನದಲ್ಲ. 20-09-2023ರಂದು ತಮ್ಮನಿಗೂ ತಂಗಿಗೂ ತಲಾ ರೂ. 10,50,000 ಇದೇ ಖಾತೆಯಿಂದ ವರ್ಗಾವಣೆಯಾಗಿದೆ. ಮೇಲಿನ 40,000 ಖರ್ಚನ್ನು ನನ್ನ ಪಾಲಿನಲ್ಲೇ ಭರಿಸಿದ್ದರಿಂದ ನನಗೆ ಉಳಿದದ್ದು ರೂ. 10,10,000.

ಇನ್ನು ಆ ಒಂದು ಲಕ್ಷ. ಉಳಿದ 2 ಎಕರೆಯಲ್ಲಿ ಕೊಳವೆಬಾವಿ ಕೊರೆಸಲು 25-10-2023ರಂದು ತೆಗೆದಿದ್ದೆ. ಪಾಯಿಂಟ್ ಸರಿಹೊಂದದೆ ಕೆಲಸ ಕೈಬಿಟ್ಟು 06-11-2023ರಂದು ವಾಪಸ್ ಕಟ್ಟಿದೆ. ಪಾಸ್‌ಬುಕ್ಕಿನಲ್ಲಿ ಎರಡೂ ನಮೂದುಗಳನ್ನು ಗುರುತು ಹಾಕಿದ್ದೇನೆ. ಇದನ್ನು ಹೊಸ ಹಣವೆಂದು ಎಣಿಸಬಾರದು.

ತೆರಿಗೆಯ ವಿಚಾರದಲ್ಲಿ ನನ್ನ ನಿವೇದನೆ ಹೀಗಿದೆ. ಕಲಂ 2(14)(iii) ಪ್ರಕಾರ ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ. ಆದ್ದರಿಂದ ಈ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ನಮ್ಮೂರು ಗ್ರಾಮ ಪಂಚಾಯಿತಿಗೆ ಸೇರಿದೆ. ಹತ್ತಿರದ ಪಟ್ಟಣ ಶಿರಾ. ಕಳೆದ ಜನಗಣತಿಯಂತೆ ಅದರ ಜನಸಂಖ್ಯೆ 10 ಸಾವಿರಕ್ಕಿಂತ ಹೆಚ್ಚು, 1 ಲಕ್ಷಕ್ಕಿಂತ ಕಡಿಮೆ ಇರುವುದರಿಂದ ಅನ್ವಯಿಸುವ ಮಿತಿ 2 ಕಿ.ಮೀ. ನಗರಸಭೆಯ ಗಡಿಯಿಂದ ಈ ಜಮೀನಿಗೆ ನೇರ ವೈಮಾನಿಕ ದೂರ 14 ಕಿ.ಮೀ. ಎಂದು ತಹಶೀಲ್ದಾರರು ದೃಢೀಕರಿಸಿದ್ದಾರೆ. ರಸ್ತೆಯ ದೂರವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಜಮೀನಿಗೆ ಭೂ ಪರಿವರ್ತನೆ ಆಗಿಲ್ಲ. ಪಹಣಿಯ 12ನೇ ಕಾಲಂನಲ್ಲಿ ಮಾರಾಟದ ಹಿಂದಿನ ವರ್ಷಗಳ ರಾಗಿ, ಕಡಲೆಕಾಯಿ ಬೆಳೆ ನಮೂದಾಗಿದೆ.

ನಗದಿನ ಮೂಲ, ಕೊಟ್ಟವರು ಮತ್ತು ಕಾರಣ ಮೂರೂ ದಾಖಲೆಯಲ್ಲಿರುವುದರಿಂದ ಕಲಂ 69ಎ ಅನ್ವಯಿಸುವುದಿಲ್ಲ. ಖರೀದಿದಾರರು ತಾವು ಹಣ ಕೊಟ್ಟಿದ್ದನ್ನು ಒಪ್ಪಿ ದೃಢೀಕರಣ ಪತ್ರ, ತಮ್ಮ ಖಾತೆಯಿಂದ ಹಣ ತೆಗೆದ ವಿವರ ಮತ್ತು ಅಡಿಕೆ ಮಂಡಿಯ ಬಿಲ್ಲುಗಳನ್ನು ನೀಡಿದ್ದಾರೆ.

ಸ್ಥಿರಾಸ್ತಿಯ ಹಣವನ್ನು ನಗದಾಗಿ ಪಡೆದ ಬಗ್ಗೆ ಕಲಂ 269ಎಸ್‌ಎಸ್ ಪ್ರಶ್ನೆ ಏಳಬಹುದು. ಕೊಟ್ಟವರಿಗೂ ಪಡೆದ ನಮಗೂ ಕೃಷಿ ಆದಾಯವಿದ್ದು, ಯಾರಿಗೂ ತೆರಿಗೆಗೆ ಒಳಪಡುವ ಆದಾಯವಿಲ್ಲದಿದ್ದರೆ ಆ ಕಲಂ ತಾನೇ ವಿನಾಯಿತಿ ಕೊಡುತ್ತದೆ. ನಾವು ಮೂವರೂ ಖರೀದಿದಾರರೂ ಈ ಬಗ್ಗೆ ಪ್ರಮಾಣಪತ್ರ ಸಲ್ಲಿಸಿದ್ದೇವೆ.

ಆ ವರ್ಷ ಕೃಷಿಯ ಹೊರತು ನನಗೆ ಬಂದದ್ದು ಉಳಿತಾಯ ಖಾತೆಯ ಬಡ್ಡಿ ರೂ. 21,400 ಮಾತ್ರ. ಉಳಿತಾಯ ಖಾತೆಯ ಒಟ್ಟು ಜಮೆಯೂ ರಿಟರ್ನ್ ಕಡ್ಡಾಯವಾಗುವ 50 ಲಕ್ಷ ತಲುಪಿಲ್ಲ. ಆದ್ದರಿಂದ ರಿಟರ್ನ್ ಸಲ್ಲಿಸಿರಲಿಲ್ಲ.

ಈ ವಿವರಣೆಯನ್ನು ಒಪ್ಪಿ ವಿಷಯವನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇನೆ. ಒಪ್ಪಲಾಗದ ಅಂಶವಿದ್ದರೆ, ಮುಂದಿನ ಕ್ರಮಕ್ಕೆ ಮೊದಲು ಅದನ್ನು ಲಿಖಿತವಾಗಿ ತಿಳಿಸಿ ಉತ್ತರಿಸಲು ಅವಕಾಶ ಕೊಡಬೇಕು. ಮೂಲ ದಾಖಲೆಗಳನ್ನು ಕರೆದಾಗ ತಂದು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ರಂಗಸ್ವಾಮಯ್ಯ

ಲಗತ್ತು: ನೋಟಿಸ್, ಕ್ರಯದ ಕರಾರು, ಕ್ರಯಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ವಂಶವೃಕ್ಷ, ಪೌತಿ ಖಾತೆಯ ಮ್ಯುಟೇಶನ್, ಪಹಣಿಗಳು, 11ಇ ನಕ್ಷೆ, ತಹಶೀಲ್ದಾರರ ದೂರ ದೃಢೀಕರಣ, 01-04-2023ರಿಂದ 31-03-2024ರವರೆಗಿನ ಪಾಸ್‌ಬುಕ್, ಖರೀದಿದಾರರ ದೃಢೀಕರಣ ಪತ್ರ, ಬ್ಯಾಂಕ್ ವಿವರ, ಮಂಡಿ ಬಿಲ್ಲುಗಳು, ನಾಲ್ವರ ಪ್ರಮಾಣಪತ್ರಗಳು.