ಒಂದು ಷೇರು

ಕಲಬುರಗಿಯ ಬ್ರಹ್ಮಪುರದ ಹಳೆಯ ಮನೆಯ ಹಿಂದಿನ ಗೋಡೆ ಮಳೆಗೆ ಕುಸಿದ ಮೇಲೆ ಅಟ್ಟದ ಸಾಮಾನುಗಳನ್ನೆಲ್ಲ ಇಳಿಸಬೇಕಾಯಿತು. ಹಾಗೆ ಇಳಿಸಿದ ತಗಡಿನ ಟ್ರಂಕಿನಲ್ಲಿ ಮುತ್ಯಾನ ಎರಡು ಧೋತರ, ಒಂದು ಹಳದಿಗಟ್ಟಿದ ರೇಷನ್ ಕಾರ್ಡು ಮತ್ತು ಕೆಂಪು ಬಟ್ಟೆಯ ಚೀಲವೊಂದು ಇದ್ದವು. ಚೀಲದೊಳಗೆ ನಾಲ್ಕು ಮಡಿಕೆಯಾಗಿದ್ದ ಗಟ್ಟಿ ಕಾಗದವನ್ನು ಸಂಗಮೇಶ ನೆಲದ ಮೇಲೆ ಹರಡಿದಾಗ ಮಡಿಕೆಗಳ ಗೆರೆಯುದ್ದಕ್ಕೂ ಅದು ಬಿರುಕು ಬಿಟ್ಟಿತ್ತು. ಸುತ್ತಲೂ ಬಳ್ಳಿಯ ಅಂಚು, ನಡುವೆ ಕಂಪನಿಯ ಹೆಸರು, ಕೆಳಗೆ ಇಬ್ಬರು ನಿರ್ದೇಶಕರ ಸಹಿ, ಒತ್ತಿ ಮೂಡಿಸಿದ ಮುದ್ರೆ. ಹೆಸರಿನ ಜಾಗದಲ್ಲಿ ಮಸಿಯ ಲೇಖನಿಯಿಂದ ಮುತ್ಯಾನ ಪೂರ್ತಿ ಹೆಸರು, ಷೇರುಗಳ ಸಂಖ್ಯೆಯ ಜಾಗದಲ್ಲಿ 'ಒಂದು', ವರ್ಷ 1961.

ಮುತ್ಯಾ ಮೆಹಬೂಬ್ ಶಾಹಿ ಮಿಲ್ಲಿನಲ್ಲಿ ಬಟ್ಟೆ ನೇಯುವ ಸಾಂಚಾ ನಡೆಸುತ್ತಿದ್ದವನು. ಅವನ ಬೆರಳುಗಳ ತುದಿಯಲ್ಲಿ ನೂಲಿನ ಗೆರೆಗಳಿದ್ದುದೂ ಮಿಲ್ಲಿನ ಭೋಂಗಾ ಕೂಗಿದೊಡನೆ ಊಟ ಬಿಟ್ಟು ಏಳುತ್ತಿದ್ದುದೂ ಮನೆಯವರಿಗೆಲ್ಲ ನೆನಪಿದೆ. ಆದರೆ ಅವನು ಆ ಮಿಲ್ಲಿನ ಪಾಲುದಾರನೂ ಆಗಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ. ಅವನು ತೀರಿಕೊಂಡು ಮೂವತ್ತು ವರ್ಷದ ಮೇಲಾಗಿದ್ದುದರಿಂದ ಕೇಳುವುದಕ್ಕೂ ದಾರಿಯಿರಲಿಲ್ಲ.

ಅಪ್ಪ ಕಾಗದವನ್ನು ನೋಡಿ ಮತ್ತೆ ಮಡಚಿಡಲು ಹೇಳಿದರು. ಕಾಕಾ ಮಾತ್ರ ಹಾಗೆ ಬಿಡಲಿಲ್ಲ. ಹಳೆಯ ಟ್ರಂಕಿನಲ್ಲಿ ಸಿಕ್ಕ ಷೇರು ಕಾಗದ ಕೋಟಿಗಟ್ಟಲೆ ಬಾಳಿದ ಕಥೆಗಳನ್ನು ಅವರು ಮೊಬೈಲಿನಲ್ಲಿ ಸಾಕಷ್ಟು ನೋಡಿದ್ದರು.

"ಒಂದs ಷೇರು ಇದ್ರೂ ಬೋನಸ್ ಮ್ಯಾಲ ಬೋನಸ್ ಕೊಟ್ಟಿರ್ತಾರಪಾ. ನೀ ಆಡಿಟರ್ ಆಫೀಸಿನ್ಯಾಗ ಇದ್ದಿ, ಡಿಮ್ಯಾಟ್ ಮಾಡಸು" ಎಂದರು.

ಸಂಗಮೇಶ ಸೂಪರ್ ಮಾರ್ಕೆಟ್ ಹತ್ತಿರದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ. ತೊಗರಿ ಬೇಳೆ ಮಿಲ್ಲುಗಳ ಜಿ.ಎಸ್.ಟಿ. ಲೆಕ್ಕವೇ ಅವನ ದಿನದ ದುಡಿಮೆ. ಷೇರು ಪೇಟೆಯ ಈಗಿನ ಪಟ್ಟಿಯಲ್ಲಿ ಆ ಹೆಸರಿಲ್ಲವೆಂಬುದನ್ನು ತಿಳಿಯಲು ಅವನಿಗೆ ಐದು ನಿಮಿಷ ಹಿಡಿಯಿತು. ಹೆಸರಿಲ್ಲದ ಮಾತ್ರಕ್ಕೆ ಕಂಪನಿ ಸತ್ತಿದೆಯೆಂದು ಹೇಳಲಾಗದು ಎಂಬುದು ಆ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಒಂದು ಕಂಪನಿ ಇನ್ನೊಂದರೊಳಗೆ ವಿಲೀನವಾಗಿದ್ದರೆ ಹಳೆಯ ಷೇರಿಗೆ ಬದಲಾಗಿ ಹೊಸ ಷೇರು ಬಂದಿರುತ್ತದೆ. ಲಾಭಾಂಶವನ್ನು ಏಳು ವರ್ಷ ಯಾರೂ ಪಡೆಯದಿದ್ದರೆ ಆ ಷೇರು ಕೇಂದ್ರ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗಿರುತ್ತದೆ, ವಾರಸುದಾರರು ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಕಾಕಾನ ಆಸೆಗೆ ತಳವೇ ಇರಲಿಲ್ಲವೆಂದು ಹೇಳುವ ಹಾಗಿರಲಿಲ್ಲ.

ಕಚೇರಿಯ ಸಾಹೇಬರು ಕಾಗದವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿ, "ಇದು ಸರ್ಕಾರ ತಗೊಂಡ ಮಿಲ್ ಅಲ್ಲೇನೋ? ಎಪ್ಪತ್ನಾಲ್ಕರ ಕಾಯ್ದೆ ತೆಗೆದು ನೋಡು" ಎಂದರು.

ಆ ಕಾಯ್ದೆ 1974ರ 57ನೆಯದು. ರೋಗಗ್ರಸ್ತವೆಂದು ಗುರುತಿಸಿದ 103 ಬಟ್ಟೆ ಗಿರಣಿಗಳನ್ನು ಕೇಂದ್ರ ಸರ್ಕಾರ ಅದರ ಮೂಲಕ ವಶಪಡಿಸಿಕೊಂಡಿತು. ಕಾಯ್ದೆಗೆ ಅಂಕಿತ ಬಿದ್ದದ್ದು ಡಿಸೆಂಬರಿನಲ್ಲಾದರೂ ವಶಪಡಿಸಿಕೊಂಡ ದಿನವನ್ನು ಹಿಂದಕ್ಕೆ ಸರಿಸಿ ಏಪ್ರಿಲ್ 1 ಎಂದು ಬರೆದಿದ್ದರು. ಸಂಗಮೇಶ ರಾತ್ರಿ ಹತ್ತು ಗಂಟೆಗೆ ಅದರ ಪಿ.ಡಿ.ಎಫ್. ತೆರೆದು ಹುಡುಕುವ ಪೆಟ್ಟಿಗೆಯಲ್ಲಿ Gulbarga Mills ಎಂದು ಒತ್ತಿದಾಗ ಅವನು ಹುಡುಕುತ್ತಿದ್ದ ಹೆಸರು ಸಿಗಲಿಲ್ಲ. ಮೊದಲ ಅನುಸೂಚಿಯನ್ನು ಸಾಲು ಸಾಲಾಗಿ ಕೆಳಗಿಳಿಸುತ್ತ, ಕಣ್ಣು ಉರಿಯುವ ಹೊತ್ತಿಗೆ, ಒಮ್ಮೆಲೇ ನೆನಪಾಯಿತು: ಊರಿನವರು ಎಂ.ಎಸ್.ಕೆ. ಮಿಲ್ ಎನ್ನುತ್ತಾರಲ್ಲ, ಆ 'ಕೆ' ಏನು? Kulbarga ಎಂದು ಒತ್ತಿದ. ಸಿಕ್ಕಿತು. ಆರನೆಯ ನಿಜಾಮನ ಹೆಸರು ಮುಂದೆ, ಊರಿನ ಹಳೆಯ ಉಚ್ಚಾರ ಹಿಂದೆ. ಗುಲಬರ್ಗಾ ಹೋಗಿ ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ಮಿಲ್ಲಿನ ಹೆಸರಿನ ಮೊದಲಕ್ಷರ ಮಾತ್ರ ಅದಕ್ಕೂ ಬಹಳ ಮೊದಲಿನಿಂದ 'ಕ'ಕಾರವನ್ನೇ ಹಿಡಿದುಕೊಂಡು ಕೂತಿತ್ತು.

ಅನುಸೂಚಿಯಲ್ಲಿ ನಾಲ್ಕು ಕಲಮುಗಳಿದ್ದವು: ಕ್ರಮಸಂಖ್ಯೆ, ಗಿರಣಿ, ಮಾಲೀಕರು, ಮೊತ್ತ. ಗಿರಣಿ ಮತ್ತು ಮಾಲೀಕರು ಎರಡು ಬೇರೆ ಕಲಮುಗಳಲ್ಲಿರುವುದರ ಅರ್ಥವನ್ನು ಮರುದಿನ ಸಾಹೇಬರು ಬಿಡಿಸಿ ಹೇಳಿದರು.

"ಸರ್ಕಾರ ತಗೊಂಡಿದ್ದು ಗಿರಣಿನಪಾ, ಕಂಪನಿ ಅಲ್ಲ. ಕಟ್ಟಡ, ಸಾಂಚಾ, ಜಮೀನು, ಗೋದಾಮಿನ ಮಾಲು ಎಲ್ಲಾ ರಾಷ್ಟ್ರೀಯ ಜವಳಿ ನಿಗಮಕ್ಕ ಹೋತು. ಕಂಪನಿ ಕೈಗೆ ಉಳಿದಿದ್ದು ಆ ನಾಲ್ಕನೇ ಕಲಮಿನ ಮೊತ್ತದ ಮ್ಯಾಲಿನ ಹಕ್ಕು ಅಷ್ಟೇ."

"ಹಂಗಾರೆ ಆ ಮೊತ್ತದಾಗ ನಮ್ಮ ಮುತ್ಯಾನ ಪಾಲು ಇರಬೇಕಲ್ರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಆ ಹಣವನ್ನು ಕಂಪನಿಯ ಕೈಗೆ ನೇರವಾಗಿ ಕೊಡಲಿಲ್ಲ. ಪಾವತಿ ಆಯುಕ್ತರೆಂಬ ಅಧಿಕಾರಿಯ ಬಳಿ ಇಟ್ಟು, ಬಾಕಿದಾರರೆಲ್ಲ ಅಲ್ಲಿಗೆ ಬಂದು ಕೇಳಬೇಕೆಂದು ಕಾಯ್ದೆ ಹೇಳಿತು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಸರದಿಯನ್ನೂ ಎರಡನೆಯ ಅನುಸೂಚಿಯಲ್ಲಿ ಬರೆದಿಟ್ಟಿತು. ಸಾಲ ಕೊಟ್ಟವರು, ಕೂಲಿ ಬಾಕಿಯವರು, ತೆರಿಗೆಯವರು, ವ್ಯಾಪಾರದ ಬಾಕಿಯವರು ಎಲ್ಲರೂ ಮುಗಿದು ಏನಾದರೂ ಮಿಕ್ಕರೆ ಅದು ಮಾಲೀಕನಾದ ಕಂಪನಿಗೆ, ಅಲ್ಲಿಂದ ಷೇರುದಾರನಿಗೆ. ಸಾಲದಲ್ಲಿ ಮುಳುಗಿದ್ದರಿಂದಲೇ ರೋಗಗ್ರಸ್ತವೆನಿಸಿಕೊಂಡ ಗಿರಣಿಗಳಲ್ಲಿ ಆ ಸರದಿಯ ಕೊನೆಯವರೆಗೆ ಹಣ ಹರಿದು ಬರುವುದೆಂದರೆ ಬೇಸಿಗೆಯಲ್ಲಿ ಕಾಲುವೆಯ ತುದಿಯ ಹೊಲಕ್ಕೆ ನೀರು ಬಂದಂತೆ.

"ನಿಗಮದ ಕೈಗೆ ಹೋದ ಮ್ಯಾಲ ಬೆಂಗಳೂರಿನ ಉಪಸಂಸ್ಥೆ ನಡೆಸ್ತು. ಆ ಉಪಸಂಸ್ಥೆಗಳೂ 2006ರಾಗ ನಿಗಮದಾಗ ಕೂಡಿ ಹೋದ್ವು. ಆದ್ರ ಅದ್ಯಾವುದೂ ನಿಮ್ಮ ಮುತ್ಯಾನ ಕಂಪನಿ ಅಲ್ಲ. ನಿಮ್ಮ ಕಾಗದ ಹಿಡಿದಿದ್ದು ಖಾಲಿ ಡಬ್ಬಿ," ಎಂದು ಸಾಹೇಬರು ಕಾಗದವನ್ನು ಎರಡೂ ಕೈಯಿಂದ, ಮಡಿಕೆ ಹರಿಯದಂತೆ, ಹಿಂದಿರುಗಿಸಿದರು. ಹಿಂದಿರುಗಿಸುವಾಗ ಹಿಂಬದಿಗೆ ಅಂಟಿದ್ದ ಸಣ್ಣ ಚೀಟಿಯೊಂದರ ಅಂಚು ಎದ್ದು ನಿಂತಿತು.

ವರ್ಗಾವಣೆಯ ವಿವರ ಬರೆಯುವ ಚೌಕಟ್ಟಿನ ಮೇಲೆ ಯಾರೋ ಮೈದಾ ಅಂಟಿನಿಂದ ಅದನ್ನು ಹಚ್ಚಿದ್ದರು. ಪೆನ್ಸಿಲ್ಲಿನಲ್ಲಿ ಹನ್ನೊಂದು ಹೆಸರು. ಹತ್ತರ ಮುಂದೆ '5' ಎಂಬ ಅಂಕಿ. ಮೊದಲನೆಯದರ, ಎಂದರೆ ಮುತ್ಯಾನ ಹೆಸರಿನ ಮುಂದೆ, 'ಉಳಿದದ್ದು' ಎಂಬ ಒಂದೇ ಶಬ್ದ. ಕಂಪನಿಯ ಬೆನ್ನುಹತ್ತಿ ಮೂರು ದಿನ ಕಳೆದಿದ್ದ ಸಂಗಮೇಶ, ಅಂಗೈಯಲ್ಲಿದ್ದ ಕಾಗದದ ಬೆನ್ನನ್ನೇ ತಿರುಗಿಸಿ ನೋಡಿರಲಿಲ್ಲ. ಲೆಕ್ಕ ಬರೆಯುವವನಿಗೆ ಇದು ನಾಚಿಕೆಯ ಸಂಗತಿಯೇ ಸರಿ.

ಹನ್ನೊಂದು ಹೆಸರುಗಳಲ್ಲಿ ಅಪ್ಪನಿಗೆ ಗುರುತು ಸಿಕ್ಕಿದ್ದು ನಾಲ್ಕು, ಬದುಕಿರುವುದು ಒಂದು. ಖಾಜಾಮಿಯಾ ಮಿಲ್ಲಿನ ಹಿಂದಿನ ಓಣಿಯಲ್ಲಿ ಮಗನ ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ. ವಯಸ್ಸು ಎಂಬತ್ನಾಲ್ಕು, ಎಡಗಿವಿ ಪೂರ್ತಿ ಕೇಳುವುದಿಲ್ಲ. ಸಾಂಚಾ ಖಾತೆಯಲ್ಲಿ ದುಡಿದ ಯಾರಿಗೂ ಎರಡೂ ಕಿವಿ ನೆಟ್ಟಗೆ ಕೇಳುವುದಿಲ್ಲವೆಂದು ಅವನೇ ನಗುತ್ತ ಹೇಳಿದ. ಸಂಗಮೇಶ ಬಲಗಡೆಗೆ ಸರಿದು ಕೂತು ಕಾಗದ ಬಿಚ್ಚಿದ.

"ಯಾ ಅಲ್ಲಾ! ಇದು ಇನ್ನಾ ಅದ?"

ಅದನ್ನು ಕೊಂಡದ್ದು ಲಾಭಾಂಶಕ್ಕಲ್ಲ ಎಂಬುದನ್ನು ಮುದುಕ ನಿಧಾನವಾಗಿ, ನಡುನಡುವೆ ಚಹಾ ಕುಡಿಯುತ್ತ ಹೇಳಿದ. ಆ ಕಾಲದಲ್ಲಿ ಮುತ್ಯಾನಿಗೆ ಯಾರೋ ವಕೀಲರು ಒಂದು ಮಾತು ಹೇಳಿದ್ದರಂತೆ: ಒಂದೇ ಒಂದು ಷೇರು ಹೆಸರಿನಲ್ಲಿದ್ದರೂ ಸಾಕು, ವರ್ಷದ ಮಹಾಸಭೆಗೆ ಕಂಪನಿ ಇಪ್ಪತ್ತೊಂದು ದಿನ ಮೊದಲು ನೋಟೀಸು ಕಳಿಸಲೇಬೇಕು, ಜಮಾಖರ್ಚಿನ ಪುಸ್ತಕ ಕೊಡಲೇಬೇಕು, ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಬಹುದು. ಅದನ್ನು ಕೇಳಿದ ಮುತ್ಯಾ ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬೊಬ್ಬರ ಬಳಿ ಹೋಗಿ ಐದೈದು ರೂಪಾಯಿ ಚಂದಾ ಎತ್ತಿದ. ಹತ್ತು ಜನ ಕೊಟ್ಟರು. ಖಾಜಾಮಿಯಾ ಆಗ ಇಪ್ಪತ್ತರ ಹುಡುಗ. ಅಬ್ಬಾಜಾನನಿಗೆ ಹೇಳದೆ ಕೊಟ್ಟಿದ್ದ.

"ಸಭಾಕ ಹೋಗೋ ದಿನ ನಿಮ್ಮ ಮುತ್ಯಾ ಬಿಳಿ ರುಮಾಲು ಸುತ್ತಿದ್ದ. ಅವರು ಕುರ್ಚಿ ಕೊಟ್ರು, ಬಶಿ ಸಮೇತ ಕಪ್ಪಿನ್ಯಾಗ ಚಹಾ ಕೊಟ್ರು. ಬಂದ ಮ್ಯಾಲ ಆ ಚಹಾದ್ದೇ ಒಂದು ತಾಸು ಹೇಳಿದ."

"ಪ್ರಶ್ನೆ ಕೇಳಿದನಾ?"

"ಕೇಳದs ಬಿಡ್ತಾನ? ಪುಸ್ತಕದಾಗ ಸಾಂಚಾದ ಸವಕಳಿ ಅಂತ ಒಂದು ಸಾಲು ಇತ್ತು. ಅದರ ಮ್ಯಾಲ ಬೊಟ್ಟಿಟ್ಟು ಕೇಳಿದ್ನಂತ: ಸಾಹೇಬ್ರ, ಸಾಂಚಾ ಸವದಿದ್ದು ಇಲ್ಲಿ ಬರದೀರಿ, ನಾವು ಸವದಿದ್ದು ಯಾವ ಪಾನಿನ್ಯಾಗ ಅದ?"

"ಏನಂದ್ರು?"

"ನಕ್ಕರಂತ. ಒಬ್ಬರು ಬರಕೊಂಡರಂತ." ಖಾಜಾಮಿಯಾ ಬಶಿಯನ್ನು ಕೆಳಗಿಟ್ಟ. "ಮುಂದಿನ ವರ್ಷಾನೂ ಹೋದ. ಅದರ ಮುಂದಿನ ವರ್ಷಾನೂ. ಹೋಗೋ ಮುಂಚೆ ಹತ್ತೂ ಜನರ ಹತ್ರ ಬಂದು ಏನು ಕೇಳ್ಬೇಕು ಅಂತ ಕೇಳತಿದ್ದ. ಷೇರು ಅವನೊಬ್ಬನದಲ್ಲ ನೋಡು."

ಮಿಲ್ಲು ಸರ್ಕಾರಕ್ಕೆ ಹೋದ ಮೇಲೆ ಮಹಾಸಭೆಯ ನೋಟೀಸು ಬರುವುದು ನಿಂತಿತು. ಕೆಲಸ ಉಳಿಯಿತಲ್ಲ ಎಂದು ಎಲ್ಲರೂ ಪೇಡೆ ಹಂಚಿದರು, ಮುತ್ಯಾನೂ ಹಂಚಿದ. ಆದರೆ ಒಂದೆರಡು ವರ್ಷ, ನೋಟೀಸು ಬರುತ್ತಿದ್ದ ತಿಂಗಳಲ್ಲಿ, ಟಪಾಲಿನವನನ್ನು ನಿಲ್ಲಿಸಿ ಕೇಳುತ್ತಿದ್ದನಂತೆ.

ಸಂಗಮೇಶ ಕಾಯ್ದೆ, ಅನುಸೂಚಿ, ಸರದಿ ಎಲ್ಲವನ್ನೂ ಮುದುಕನ ಬಲಗಿವಿಗೆ ಕೂಗಿ ವಿವರಿಸಿ, ಕಾಗದಕ್ಕೆ ಈಗ ಏನೂ ಬೆಲೆಯಿಲ್ಲವೆಂದು ಹೇಳಿದ. ಖಾಜಾಮಿಯಾ ಅದನ್ನು ಹವಾಮಾನದ ಸುದ್ದಿಯಂತೆ ಕೇಳಿ, ಚೀಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದಲು ಹೇಳಿದ. ಪ್ರತಿ ಹೆಸರಿಗೂ ಒಂದು ವಿವರ ಬಂತು. ಇವನು ಶಹಾಬಾದಿನ ಕಲ್ಲಿನ ಗಣಿಗೆ ಹೋದ, ಇವನ ಮಗಳು ಆಳಂದದಲ್ಲಿ ಮಾಸ್ತರಣಿ, ಇವನು ಬಂದೇನವಾಜರ ಉರುಸಿನಲ್ಲಿ ಬಳೆ ಮಾರುತ್ತಿದ್ದ, ಮೊಮ್ಮಗ ಈಗಲೂ ಮಾರುತ್ತಾನೆ. ಎರಡು ಹೆಸರುಗಳ ಬಳಿ ಮುದುಕ ತಡೆದು, ನೆನಪಾಗದೆ, ಮುಂದಕ್ಕೆ ಓದು ಎಂದು ಕೈಮಾಡಿದ. ಸಂಗಮೇಶ ಎಲ್ಲವನ್ನೂ ಫೈಲಿನ ಹಿಂಬದಿಯಲ್ಲಿ ಬರೆದುಕೊಂಡ.

ಕೆಳಗಿಳಿಯುವಷ್ಟರಲ್ಲಿ ಕಾಕಾನ ಫೋನು ಬಂತು.

"ಏನಾತು? ಎಷ್ಟ್ ಬರ್ತದಂತ?"

"ಏನೂ ಬರಂಗಿಲ್ಲ ಕಾಕಾ. ಬಂದಿದ್ರೂ ಹನ್ನೊಂದು ಪಾಲು ಆಗ್ತಿತ್ತು."

"ಹನ್ನೊಂದು ಹ್ಯಾಂಗಾಗ್ತದ? ನಾವು ಇಬ್ಬರs ಅಣ್ಣತಮ್ಮ!"

ಮನೆಗೆ ಬಂದು ಹೇಳುತ್ತೇನೆಂದು ಫೋನಿಟ್ಟು, ಸಂಗಮೇಶ ರಸ್ತೆ ದಾಟಿ ಝೆರಾಕ್ಸ್ ಅಂಗಡಿಗೆ ಹೋದ. ಕಾಗದವನ್ನು ಗಾಜಿನ ಮೇಲೆ ತಾನೇ ಹರಡಿದ, ಬಿರುಕುಬಿಟ್ಟ ಮಡಿಕೆಗಳನ್ನು ಬೆರಳಿನಿಂದ ಜೋಡಿಸಿ ಹಿಡಿದ.

"ಎಷ್ಟು ಕಾಪಿ ಅಣ್ಣಾ?"

"ಹನ್ನೊಂದು."

"ಮುಂದಿನ ಕಡೆ ಅಷ್ಟೇನ್ರಿ?"

"ಹಿಂದಿನ ಕಡಿನೂ ಹೊಡಿ," ಎಂದ ಸಂಗಮೇಶ. "ಪೆನ್ಸಿಲ್ ಬರಹ ಅದ, ಸ್ವಲ್ಪ ಡಾರ್ಕ್ ಇಡು."