ನಾಲ್ಕು ಜನರ ಬೆಂಚು

ತಿದ್ದುಪಡಿ ಇಲಾಖೆ ಅಂತ ಒಂದು ಆಫೀಸು. ಬೇರೆ ಇಲಾಖೆಯೋರು ದಾಖಲೆಯಲ್ಲಿ ಮಾಡಿಟ್ಟ ತಪ್ಪುಗಳನ್ನ ಸರಿ ಮಾಡೋದು ಇಲ್ಲಿನ ಕೆಲಸ. ವರಾಂಡದಲ್ಲಿ ಒಂದು ಮರದ ಬೆಂಚಿದೆ, ಸ್ಟಾಕ್ ರಿಜಿಸ್ಟರಲ್ಲಿ ‘ಬೆಂಚು, ಮರ, ನಾಲ್ಕು ಜನ ಕೂರುವಂಥದ್ದು, ಸಂಖ್ಯೆ ಒಂದು’ ಅಂತ ಎಂಟ್ರಿ ಆಗಿದೆ.

ಆಡಿಟ್‌ನೋರು ಬಂದ ದಿನ ಆ ಬೆಂಚಿನ ಮೇಲೆ ಇಬ್ರೇ ಇದ್ರು. ಯಾಕಂದ್ರೆ ಆಗಿನ ಕೇಸ್ ವರ್ಕರ್ ಒಬ್ಬಮ್ಮ ಚುರುಕು, ಬೆಳಿಗ್ಗೆ ಬಂದವರ ಕೆಲಸ ಮಧ್ಯಾಹ್ನದೊಳಗೆ ಮುಗಿಸಿ ಕಳಿಸ್ತಿದ್ರು. ಆಡಿಟ್ ವರದಿಯಲ್ಲಿ ಬರೆದಿದ್ದು ಹೀಗೆ: ‘ನಾಲ್ಕು ಜನರ ಬಳಕೆಗೆಂದು ಖರೀದಿಸಿದ ಬೆಂಚನ್ನು ಅರ್ಧ ಮಾತ್ರ ಬಳಸಲಾಗುತ್ತಿದ್ದು, ಉಳಿದರ್ಧದ ಮೊತ್ತ ನಿಷ್ಫಲ ವೆಚ್ಚವಾಗಿರುತ್ತದೆ. ಸದರಿ ಮೊತ್ತವನ್ನು ಸಂಬಂಧಪಟ್ಟ ಅಧಿಕಾರಿಯಿಂದ ವಸೂಲಿ ಮಾಡತಕ್ಕದ್ದು.’

ವಸೂಲಿ ಅನ್ನೋ ಪದ ನೋಡಿದ್ದೇ ಸಾಹೇಬ್ರು ಅವತ್ತೇ ಸುತ್ತೋಲೆ ಹೊರಡಿಸಿದ್ರು. ಕಚೇರಿ ವೇಳೆಯಲ್ಲಿ ಬೆಂಚಿನ ಮೇಲೆ ನಾಲ್ಕು ಜನ ಸಾರ್ವಜನಿಕರು ಇರತಕ್ಕದ್ದು, ಕೆಲಸ ಮುಗಿದವರು ತಮ್ಮ ಜಾಗಕ್ಕೆ ಬದಲಿ ವ್ಯಕ್ತಿ ಕುಳಿತ ನಂತರವೇ ತೆರಳತಕ್ಕದ್ದು. ಚುರುಕಮ್ಮನಿಗೆ ಒಂದು ಕಾರಣ ಕೇಳುವ ನೋಟಿಸ್ ಹೋಯ್ತು, ‘ತಾವು ಅರ್ಜಿಗಳನ್ನು ಅನಗತ್ಯ ವೇಗದಲ್ಲಿ ವಿಲೇವಾರಿ ಮಾಡಿ ಬೆಂಚನ್ನು ಖಾಲಿ ಮಾಡಿಸಿದ್ದು ಏಕೆ?’ ಅಂತ. ಆಯಮ್ಮ ಉತ್ತರ ಬರೆದ್ರು, ಉತ್ತರ ತೃಪ್ತಿಕರವಾಗಿಲ್ಲ ಅಂತ ಷರಾ ಬಿತ್ತು, ಅವರನ್ನ ಹಳೇ ಕಡತಗಳ ರೂಮಿಗೆ ಹಾಕಿದ್ರು. ಕೆಲಸ ಗೊತ್ತಿದ್ದ ಒಬ್ಬೇ ಒಬ್ಬರನ್ನ ಜನರ ಕಣ್ಣಿಗೆ ಬೀಳದ ಜಾಗಕ್ಕೆ ಕಳಿಸೋದು ಇದೆಯಲ್ಲ, ಅದು ಬೆಂಚಿಗಿಂತ ದೊಡ್ಡ ನಷ್ಟ, ಆದರೆ ಅದನ್ನ ಬರೆಯೋಕೆ ಯಾವ ರಿಜಿಸ್ಟರಲ್ಲೂ ಕಾಲಮ್ ಇಲ್ಲ.

ಇಂಥ ಆಫೀಸಿಗೆ ಒಂದು ಸೋಮವಾರ ರಿಟೈರ್ಡ್ ಮೇಷ್ಟ್ರು ಒಬ್ರು ಬಂದ್ರು. ಅವರು ಹುಟ್ಟಿದ್ದು 1958ರಲ್ಲಿ, ದಾಖಲೆಯಲ್ಲಿ 1985 ಅಂತ ಬಿದ್ದಿದೆ, ಎರಡು ಅಂಕಿ ಅದಲುಬದಲು ಆಗಿದೆ ಅಷ್ಟೇ.

ಕೌಂಟರ್‌ನಲ್ಲಿದ್ದ ಹೊಸ ಗುಮಾಸ್ತರು ಫೈಲ್ ನೋಡಿ, ‘ಸರ್ ನೀವು ಕೆಲಸಕ್ಕೆ ಸೇರಿದ್ದು 1980ರಲ್ಲಿ, ಹುಟ್ಟಿದ್ದು 1985ರಲ್ಲಿ. ಐದು ವರ್ಷ ಹುಟ್ಟದೇ ಸಂಬಳ ತಗೊಂಡಿದೀರಾ’ ಅಂದ್ರು.

‘ಅದೇ ತಪ್ಪು ಕಣ್ರೀ, ಅದನ್ನ ಸರಿ ಮಾಡಿಸೋಕೇ ಬಂದಿರೋದು. ಆ ಐದು ವರ್ಷ ಪಾಠ ಮಾಡಿದೀನಿ ನಾನು.’

‘ಮಾಡಿರಬಹುದು ಸರ್, ಇಲ್ಲ ಅನ್ನಲ್ಲ. ಹುಟ್ಟೋ ಮುಂಚೆ ಪಾಠ ಮಾಡೋಕೆ ಇಲಾಖೆ ಪೂರ್ವಾನುಮತಿ ತಗೊಂಡಿದ್ರಾ?’

ಮೇಷ್ಟ್ರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದಿಟ್ರು. ಗುಮಾಸ್ತರು ಅದನ್ನ ತಿರುಗಿಸಿ ನೋಡಿ ಗಂಭೀರವಾಗಿ, ‘ಇದು ಕೂಡ ನೀವು ಹುಟ್ಟೋಕೆ ಮುಂಚಿನ ದಾಖಲೆ ಸರ್, ಪರಿಗಣಿಸೋಕೆ ಬರಲ್ಲ. 1985ರ ನಂತರ ಕೊಟ್ಟಿರೋ, 1985ಕ್ಕಿಂತ ಮುಂಚೆ ಹುಟ್ಟಿದೀರಿ ಅಂತ ಹೇಳೋ, ಆದರೆ 1985 ಅಂತ ಇರೋ ನಮ್ಮ ದಾಖಲೆಗೆ ತಾಳೆ ಆಗೋ ಒಂದು ಪತ್ರ ತನ್ನಿ. ಅಲ್ಲೀವರೆಗೂ ಬೆಂಚಲ್ಲಿ ಕೂತಿರಿ, ಒಂದು ಜಾಗ ಖಾಲಿ ಇದೆ’ ಅಂದ್ರು. ಆ ಕೊನೇ ಮಾತು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಿಜವಾದ ಖುಷಿ ಇತ್ತು.

ಬೆಂಚಲ್ಲಿ ಆಗಲೇ ಮೂರು ಜನ. ಇನಿಷಿಯಲ್ ತಪ್ಪಾದ ಒಬ್ಬ ಹುಡುಗ. ಮನೆ ನಂಬರ್ ಬದಲಾಗಿ ಪಕ್ಕದ ಮನೆಯೋರ ತೆರಿಗೆ ಕಟ್ತಿರೋ ಒಬ್ಬ ಯಜಮಾನ್ರು. ಮೂರನೇಯವರು ವಯಸ್ಸಾದ ಅಮ್ಮ, ಗಂಡ ತೀರಿಕೊಂಡಾಗ ಮರಣ ದಾಖಲೆಯಲ್ಲಿ ಗಂಡನ ಹೆಸರಿನ ಬದಲು ಇವರ ಹೆಸರು ಬಿದ್ದಿದೆ, ಅಂದ್ರೆ ದಾಖಲೆ ಪ್ರಕಾರ ಗಂಡ ಬದುಕಿದಾನೆ ಇವರು ಇಲ್ಲ.

ದಿನಕ್ಕೆ ಎರಡು ಸಲ ಡಿ ಗ್ರೂಪ್ ನೌಕರ ಬಂದು ಬೆಂಚಿನ ಹಾಜರಿ ತಗೋತಾನೆ. ಅವತ್ತು ಎಣಿಸಿದವನು ತಲೆ ಕೆರ್ಕೊಂಡು ಒಳಗೆ ಹೋದ, ಗುಮಾಸ್ತರನ್ನ ಕರ್ಕೊಂಡು ಬಂದ. ತೀರಿಕೊಂಡಿರೋ ಅಮ್ಮನನ್ನ ಸಾರ್ವಜನಿಕರು ಅಂತ ಲೆಕ್ಕ ಹಿಡೀಬಹುದಾ ಅಂತ ಪ್ರಶ್ನೆ. ಮೇಲಿನ ಕಚೇರಿಗೆ ಸ್ಪಷ್ಟೀಕರಣ ಕೋರಿ ಪತ್ರ ಹೋಯ್ತು, ಉತ್ತರ ಬರೋವರೆಗೆ ತಾತ್ಕಾಲಿಕವಾಗಿ ಅಮ್ಮ ಕೂರಬಹುದು ಆದರೆ ಎಣಿಕೆಗೆ ಬರಲ್ಲ ಅಂತ ತೀರ್ಮಾನ ಆಯ್ತು. ಅಂದ್ರೆ ನಾಲ್ಕು ಜನರ ಬೆಂಚಲ್ಲಿ ಐದು ಜನ ಬೇಕು ಈಗ.

‘ನಾನು ಬೇಕಾದ್ರೆ ನಿಂತ್ಕೋತೀನಪ್ಪ’ ಅಂದ್ರು ಅಮ್ಮ.

‘ನಿಂತ್ಕೊಳ್ಳೋದಕ್ಕೆ ಅರ್ಜಿ ಕೊಡ್ಬೇಕಮ್ಮ, ಅರ್ಜಿದಾರರು ಬದುಕಿರಬೇಕು’ ಅಂದ ಆ ನೌಕರ, ಪಾಪ ಮೆತ್ತಗೇ ಹೇಳ್ದ, ಅವನಿಗೂ ಮನೇಲಿ ಅಷ್ಟೇ ವಯಸ್ಸಿನ ತಾಯಿ ಇದಾರೆ.

ದಿನಗಳು ಹೋದ್ವು. ಹುಡುಗನ ಇನಿಷಿಯಲ್ ಸರಿ ಹೋಯ್ತು, ಆದೇಶ ಕೈಗೆ ಬಂತು, ಬದಲಿ ಇಲ್ಲದೆ ಇನ್ನೂ ಬೆಂಚಲ್ಲೇ ಇದಾನೆ, ಆ ಇನಿಷಿಯಲ್ ಬೇಕಾಗಿದ್ದ ಇಂಟರ್‌ವ್ಯೂ ಡೇಟ್ ಮುಗಿದೇ ಹೋಯ್ತು. ಯಜಮಾನ್ರದ್ದೂ ಆಯ್ತು, ಅವರು ಪಕ್ಕದ ಮನೆಯೋರನ್ನೇ ಒಪ್ಪಿಸಿ ತಂದು ಕೂರಿಸಿ ಹೊರಟು ಹೋದ್ರು. ಪಕ್ಕದ ಮನೆಯೋರಿಗೆ ಇಲ್ಲಿ ಕೆಲಸ ಏನೂ ಇರಲಿಲ್ಲ, ಕೆಲಸ ಇಲ್ಲದವರು ಬೆಂಚು ಬಳಸಬಾರದು ಅಂತ ನಿಯಮ ಇರೋದ್ರಿಂದ ಗುಮಾಸ್ತರು ಅವರ ದಾಖಲೆ ತರಿಸಿ ಒಂದು ತಪ್ಪು ಹುಡುಕಿ ಕೊಟ್ರು.

ಹಳೇ ಕಡತಗಳ ರೂಮಲ್ಲಿದ್ದ ಚುರುಕಮ್ಮನಿಗೆ ಒಂದಿನ ಧೂಳಿನ ಮಧ್ಯೆ ಮೇಷ್ಟ್ರ ಮೂಲ ಸೇವಾ ಪುಸ್ತಕ ಸಿಕ್ತು. 1958 ಅಂತ ದಪ್ಪಕ್ಷರದಲ್ಲಿ ಬರೆದಿದೆ, ಸೀಲು ಸಹಿ ಎಲ್ಲಾ ಇದೆ. ಅವರು ಯಾರನ್ನೂ ಕೇಳದೆ ಟಿಪ್ಪಣಿ ಬರೆದು ನೇರ ಸಾಹೇಬ್ರ ಟೇಬಲ್ ಮೇಲೆ ಇಟ್ರು. ಸಾಹೇಬ್ರಿಗೆ ಮೀಟಿಂಗ್‌ಗೆ ಲೇಟ್ ಆಗಿತ್ತು, ಓದದೇ ಸಹಿ ಹಾಕಿದ್ರು. ಆ ಆಫೀಸಲ್ಲಿ ಆದ ನ್ಯಾಯದ ಕೆಲಸಗಳೆಲ್ಲ ಹೀಗೇ ಆಗಿರೋದು, ಒಳಗೆ ಒಬ್ಬರಿಗೆ ಮನಸ್ಸಿತ್ತು, ಮೇಲಿನವರಿಗೆ ಪುರುಸೊತ್ತು ಇರಲಿಲ್ಲ. ಅದೇ ಕಟ್ಟಲ್ಲಿ ಅಮ್ಮನ ಫೈಲನ್ನೂ ಆಯಮ್ಮ ಸೇರಿಸಿದ್ರು, ಅಮ್ಮ ಮಧ್ಯಾಹ್ನ ಮೂರು ಗಂಟೆಗೆ ದಾಖಲೆಯಲ್ಲಿ ಬದುಕಿ ಬಂದ್ರು.

ಮೇಷ್ಟ್ರು ಆದೇಶ ಮಡಚಿ ಜೇಬಿಗಿಟ್ಕೊಂಡು ಎದ್ರು. ‘ಎಲ್ಲಿಗೆ ಸರ್?’ ಅಂತ ಗುಮಾಸ್ತರು ಸುತ್ತೋಲೆ ತೋರಿಸಿದ್ರು. ಈಗ ಅಮ್ಮನೂ ಲೆಕ್ಕಕ್ಕೆ ಬರ್ತಾರಲ್ಲ, ಹುಡುಗ, ಪಕ್ಕದ ಮನೆಯೋರು, ಅಮ್ಮ, ಮೇಷ್ಟ್ರು, ಸರಿಯಾಗಿ ನಾಲ್ಕು, ಒಬ್ಬರು ಎದ್ರೂ ಕೊರತೆ. ಮೇಷ್ಟ್ರು ಮತ್ತೆ ಕೂತ್ರು.

ನಾಲ್ಕು ಗಂಟೆ ಆಯ್ತು, ಯಾರೂ ಬರಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಮೂವತ್ತರ ಆಸುಪಾಸಿನ ಒಬ್ಬ ಹೆಲ್ಮೆಟ್ ಕೈಲಿ ಹಿಡ್ಕೊಂಡು ಒಳಗೆ ಬಂದ, ‘ಸರ್, ಪೋಸ್ಟ್ ಆಫೀಸ್ ಈ ಬಿಲ್ಡಿಂಗಾ ಪಕ್ಕದ್ದಾ?’ ಅಂತ ಕೇಳ್ದ.

ನಾಲ್ಕೂ ಜನ ಒಟ್ಟಿಗೆ ತಲೆ ಎತ್ತಿದ್ರು. ಮೂವತ್ತೆಂಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದ್ದ ಮೇಷ್ಟ್ರು ಸ್ವಲ್ಪ ಸರಿದು ಜಾಗ ಮಾಡಿದ್ರು.

‘ಇದೇ ಕಣಪ್ಪ’ ಅಂದ್ರು, ‘ಬಾ, ಒಂದ್ನಿಮಿಷ ಕೂತ್ಕೋ.’